800 ವರ್ಷದ ವಿಗ್ರಹ ಎಂದು ಬಂದ ಚಿತ್ರಗಳು

ಕಳೆದ ಮಳೆಗಾಲದಲ್ಲಿ ಪರಿಚಿತರೊಬ್ಬರು ನನ್ನ ಮೊಬೈಲಿಗೆ ಒಂದು ಚಿತ್ರ ಕಳುಹಿಸಿದರು. ಗೇಣುದ್ದದ ವೇಣುಗೋಪಾಲ, ಮೈತುಂಬ ಹಸಿರು ಕಿಲುಬು. "ಹೊಲ ಉಳುವಾಗ ಸಿಕ್ಕಿತಂತೆ ಸರ್. ಹೊಯ್ಸಳರ ಕಾಲದ್ದು, 800 ವರ್ಷ ಹಳೆಯದು ಎನ್ನುತ್ತಿದ್ದಾರೆ. ಕೊಳ್ಳಬಹುದೇ?" ಎಂದು ಕೇಳಿದ್ದರು.

ಲೋಹವಿಗ್ರಹಗಳ ಸಂರಕ್ಷಣೆ ನನ್ನ ಕೆಲಸ. ಎದುರಿನಿಂದ ತೆಗೆದ ಒಂದೇ ಚಿತ್ರ ನೋಡಿ ನಾನು ಯಾರಿಗೂ ಉತ್ತರ ಕೊಡುವುದಿಲ್ಲ. ಬೆನ್ನು, ಎರಡೂ ಪಕ್ಕ, ಪೀಠದ ತಳ, ಮುಖದ ಹತ್ತಿರದ ನೋಟ, ಇಷ್ಟೂ ಬೇಕು ಎಂದೆ. ಫ್ಲ್ಯಾಶ್ ಬೇಡ, ಕಿಟಕಿಯ ಪಕ್ಕ ಇಟ್ಟು ಬೆಳಕು ಓರೆಯಾಗಿ ಬೀಳುವಂತೆ ತೆಗೆಸಿ, ಜೊತೆಗೆ ಒಂದು ಅಳತೆಪಟ್ಟಿ ಇರಲಿ, ಯಾರೂ ಅದನ್ನು ತೊಳೆಯದಿರಲಿ ಎಂದೂ ಹೇಳಿದೆ. ತಳವೊಂದನ್ನು ಬಿಟ್ಟು ಉಳಿದವು ಮರುದಿನವೇ ಬಂದವು.

ಕಿಲುಬನ್ನು ಕಂಡ ಕೂಡಲೇ ಜನ ವರ್ಷ ಎಣಿಸಲು ತೊಡಗುತ್ತಾರೆ. ಕಿಲುಬು ಗಡಿಯಾರವಲ್ಲ. ಉಪ್ಪಿನಂಶವಿರುವ ತೇವದ ಮಣ್ಣಿನಲ್ಲಿ ಅದು ಬೇಗ ದಟ್ಟವಾಗುತ್ತದೆ, ಒಣ ಮಣ್ಣಿನಲ್ಲಿ ತುಂಬ ನಿಧಾನ. ನಾನು ನೋಡುವುದು ಅದರ ಪದರಗಳನ್ನು. ಬಹುಕಾಲ ಮಣ್ಣಿನಲ್ಲಿದ್ದ ಕಂಚಿನಲ್ಲಿ ಸಾಮಾನ್ಯವಾಗಿ ಲೋಹಕ್ಕೆ ಅಂಟಿಕೊಂಡು ಕೆಂಗಂದು ಪದರವಿರುತ್ತದೆ, ಅದರ ಮೇಲೆ ಗಟ್ಟಿಯಾದ ಹಸಿರು, ಆ ಹಸಿರಿನೊಳಗೆ ಮಣ್ಣಿನ ಕಣಗಳು. ಹಸಿರು ಚಕ್ಕೆ ಎದ್ದ ಕಡೆ ಮೊದಲು ಕೆಂಪು ಕಾಣಬೇಕು. ಈ ವೇಣುಗೋಪಾಲನ ಮಂಡಿಯಲ್ಲಿ ಚಕ್ಕೆ ಎದ್ದಿತ್ತು. ಹಸಿರಿನ ಕೆಳಗೆ ನೇರವಾಗಿ ಹಳದಿ ಲೋಹವೇ ಇತ್ತು. ಆಮ್ಲವನ್ನೋ ನವಸಾಗರವನ್ನೋ ಬಳಿದು ಕೆಲವೇ ವಾರಗಳಲ್ಲಿ ತರಿಸುವ ಹಸಿರು ಹೀಗೆ ಕಾಣುತ್ತದೆ. ಆದರೆ ಹಸಿರು ಪುಡಿಪುಡಿಯಾಗಿದೆ ಎಂಬ ಒಂದೇ ಕಾರಣಕ್ಕೆ ಹೊಸದು ಎಂದು ಹೇಳಬಾರದು. ನಿಜವಾದ ಹಳೆಯ ಕಂಚಿಗೂ ಕ್ಲೋರೈಡಿನಿಂದ ತಿಳಿಹಸಿರು ಪುಡಿ ಹಿಡಿಯುತ್ತದೆ. ಅದು ಚುಕ್ಕೆ ಚುಕ್ಕೆಯಾಗಿ, ಲೋಹವನ್ನು ಕೊರೆದ ಗುಳಿಗಳಲ್ಲಿ ಬರುತ್ತದೆ. ಇಲ್ಲಿ ಮೈಯೆಲ್ಲ ಒಂದೇ ಸಮನಾಗಿತ್ತು.

ಪಕ್ಕದ ಚಿತ್ರವನ್ನು ಹಿಗ್ಗಿಸಿದಾಗ ಭುಜದಿಂದ ಪೀಠದವರೆಗೆ ಇಳಿಯುವ ಒಂದು ಸಣ್ಣ ಏಣು ಕಂಡಿತು. ಅರದಿಂದ ಉಜ್ಜಿದ್ದರು, ಆದರೆ ಕಂಕುಳಲ್ಲಿ ಅರ ತಲುಪಿರಲಿಲ್ಲ. ನಮ್ಮ ಸಾಂಪ್ರದಾಯಿಕ ಎರಕದಲ್ಲಿ ಮೇಣದ ಮೂರ್ತಿಯನ್ನು ಕೈಯಿಂದಲೇ ತಿದ್ದಿ, ಮಣ್ಣು ಮೆತ್ತಿ, ಮೇಣ ಕರಗಿಸಿ ತೆಗೆದು, ಆ ಜಾಗಕ್ಕೆ ಲೋಹ ಹೊಯ್ದು, ಕೊನೆಗೆ ಅಚ್ಚನ್ನು ಒಡೆಯುತ್ತಾರೆ. 12ನೇ ಶತಮಾನದಲ್ಲಿ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 'ಮಾನಸೋಲ್ಲಾಸ'ದಲ್ಲಿ ವಿವರಿಸಿರುವುದೂ ಮೇಣದ ಎರಕವನ್ನೇ. ಅಂಥ ಅಚ್ಚಿಗೆ ಹೋಳುಗಳು ಕೂಡುವ ಗೆರೆ ಇರುವುದಿಲ್ಲ. ಗೆರೆ ಇದ್ದರೆ ಎಲ್ಲೋ ಒಂದು ಹಂತದಲ್ಲಿ ಎರಡು ಹೋಳಿನ ಅಚ್ಚು ಬಂದಿದೆ ಎಂದು ಅರ್ಥ. ಇದನ್ನೇ ತಿರುಗಿಸಿ, ಗೆರೆ ಇಲ್ಲದ್ದೆಲ್ಲ ಹಳೆಯದು ಎನ್ನುವಂತಿಲ್ಲ. ತಮಿಳುನಾಡಿನ ಸ್ವಾಮಿಮಲೈಯ ಸ್ಥಪತಿಗಳು ಇಂದಿಗೂ ಮೇಣದಲ್ಲೇ ಎರಕ ಹೊಯ್ಯುತ್ತಾರೆ.

ನಾನು ಅತಿ ಹೆಚ್ಚು ನಂಬುವುದು ಸವೆತವನ್ನು. ಪೂಜೆಯ ವಿಗ್ರಹವನ್ನು ತಲೆಮಾರುಗಳ ಕಾಲ ಹುಣಸೆಹಣ್ಣಿನಿಂದ ಉಜ್ಜುವಾಗ ಮೂಗು, ಕೆನ್ನೆ, ಎದೆ, ಮಂಡಿ ನುಣುಪಾಗುತ್ತವೆ. ಕಿವಿಯ ಹಿಂದೆ, ತೋಳಿನ ಸಂದಿಯಲ್ಲಿ, ಸೊಂಟದ ನೆರಿಗೆಯ ಆಳದಲ್ಲಿ ಬೆರಳು ಆಡುವುದಿಲ್ಲ; ಅಲ್ಲಿ ಉಳಿ ಕೆತ್ತಿದ ಅಂಚು ಹರಿತವಾಗಿಯೇ ಉಳಿದಿರುತ್ತದೆ. ಈ ವಿಗ್ರಹದ ಮೂಗು ಮೊಂಡಾಗಿತ್ತು ನಿಜ. ಆದರೆ ಹಾರದ ಮಣಿಗಳ ನಡುವಿನ ಸಂದು, ಕೊಳಲಿನ ಹಿಂದಿನ ಬೆರಳುಗಳು, ಬೆನ್ನ ಮೇಲಿನ ಗುಂಗುರು ಕೂದಲ ತಗ್ಗುಗಳು ಕೂಡ ಅಷ್ಟೇ ಮೊಂಡಾಗಿದ್ದವು. ಅಲ್ಲಿಗೆ ಯಾರ ಕೈಯೂ ಹೋಗದು. ಬೇರೊಂದು ವಿಗ್ರಹದ ಮೇಲೆ ಅಚ್ಚು ತೆಗೆದು ನಕಲು ಹೊಯ್ದಾಗ ಉಬ್ಬು ತಗ್ಗುಗಳೆರಡೂ ಹೀಗೆ ಮಂಕಾಗುತ್ತವೆ.

ಈ ಪಾಠ ಕಲಿಯಲು ನಾನು ಒಂದು ತಪ್ಪು ಮಾಡಬೇಕಾಯಿತು. ವರ್ಷಗಳ ಹಿಂದೆ ಒಂದು ಜೈನ ಮನೆತನದ ಪಾರ್ಶ್ವನಾಥನ ಚಿತ್ರ ನೋಡಿ, ಥಳಥಳಿಸುತ್ತಿದೆ ಎಂಬ ಕಾರಣಕ್ಕೆ ಇತ್ತೀಚಿನದು ಎಂದು ಬರೆದುಬಿಟ್ಟೆ. ಆಮೇಲೆ ಮನೆಗೆ ಹೋಗಿ ಕೈಯಲ್ಲಿ ಹಿಡಿದಾಗ, ಮುಖ ಸವೆದು ಕಣ್ಣುಗಳನ್ನು ಮತ್ತೆ ಉಳಿಯಿಂದ ಬಿಡಿಸಿದ್ದು ಕಂಡಿತು. ಹೆಡೆಗಳ ಹಿಂದೆ ಎಣ್ಣೆ ಗಂಧಗಳು ಕಲ್ಲಾಗಿ ಕೂತಿದ್ದವು, ಅವುಗಳಡಿಯ ಕೆತ್ತನೆ ಹರಿತವಾಗಿತ್ತು. ಆ ಮನೆಯ ಹಿರಿಯರ ಕ್ಷಮೆ ಕೇಳಿ ಬಂದೆ.

ಪರಿಚಿತರಿಗೆ ಹೀಗೆ ಹೇಳಿದೆ: ಇದು ಇತ್ತೀಚಿನ ನಕಲು. ಎಷ್ಟು ವರ್ಷದ್ದು ಎಂದು ಚಿತ್ರದಿಂದ ಹೇಳಲಾಗದು. ಇಷ್ಟು ಗುರುತುಗಳು ಒಟ್ಟಿಗೆ ಕಂಡಾಗ ಹಳೆಯದಲ್ಲ ಎನ್ನಲು ಚಿತ್ರ ಸಾಕು. ಇಂಥ ಶತಮಾನದ್ದೇ ಎನ್ನಲು ಕಿರೀಟ, ಆಭರಣ, ಪೀಠದ ಶೈಲಿಯನ್ನು ಎದುರಿಗಿಟ್ಟು ಹೋಲಿಸಬೇಕು, ಲೋಹದ ಪರೀಕ್ಷೆಯೂ ಬೇಕು. ಇನ್ನೊಂದು ಮಾತನ್ನೂ ಹೇಳಿದೆ. ಮಾರುವವರ ಕಥೆ ನಿಜವೇ ಆಗಿದ್ದರೆ, 100 ವರ್ಷ ದಾಟಿದ ವಿಗ್ರಹ 1972ರ ಕಾಯ್ದೆಯ ಪ್ರಕಾರ ಪ್ರಾಚ್ಯವಸ್ತು. ಪರವಾನಗಿ ಇಲ್ಲದೆ ಅದರ ವ್ಯಾಪಾರ ಮಾಡುವಂತಿಲ್ಲ, ಮಣ್ಣಿನಲ್ಲಿ ಸಿಕ್ಕಿದ್ದನ್ನು ಸರ್ಕಾರಕ್ಕೆ ತಿಳಿಸಲೇಬೇಕು.

ತಳದ ಚಿತ್ರ ನಾಲ್ಕು ದಿನ ತಡವಾಗಿ ಬಂತು. ಉಜ್ಜುವ ಯಂತ್ರ ಮೂಡಿಸಿದ ಕಮಾನು ಗೆರೆಗಳು ಒಂದರ ಮೇಲೊಂದು ಹಾದಿದ್ದವು. ಆ ಗೆರೆಗಳ ಒಳಗೂ ಅದೇ ಹಸಿರು ಹರಿದಿತ್ತು.