ಮೂರು ತಿರುವು, ಮೂರು ಗೆರೆ: ಷೇರು ಚಾರ್ಟ್ ಮೇಲೆ ಮಧ್ಯರೇಖೆ ಎಳೆಯುವುದು ಹೇಗೆ?

ಷೇರು ಚಾರ್ಟ್ ತೋರಿಸುವ ಬಹುತೇಕ ಆ್ಯಪ್‌ಗಳಲ್ಲಿ ಗೆರೆ ಎಳೆಯುವ ಸಾಧನಗಳ ನಡುವೆ Pitchfork ಎಂಬುದೊಂದು ಇರುತ್ತದೆ. ಅಮೆರಿಕದ ಅಲನ್ ಆಂಡ್ರೂಸ್ ಇದನ್ನು ತಮ್ಮ ಪಾಠಗಳ ಮೂಲಕ ಬಳಕೆಗೆ ತಂದರು. ಮೂರು ಸಲ ಕ್ಲಿಕ್ ಮಾಡಿದರೆ ಮೂರು ಸಮಾಂತರ ಗೆರೆಗಳು ಮೂಡುತ್ತವೆ. ಎಲ್ಲಿ ಕ್ಲಿಕ್ ಮಾಡಬೇಕು ಎಂಬುದರಲ್ಲೇ ಕಷ್ಟವೆಲ್ಲ ಅಡಗಿದೆ.

ಬೇಕಿರುವುದು ಒಂದರ ಹಿಂದೆ ಒಂದು ಬಂದ ಮೂರು ತಿರುವುಗಳು. ಏರುವ ಷೇರಿನಲ್ಲಿ ಮೊದಲನೆಯದು (ಎ) ಏರಿಕೆ ಶುರುವಾದ ತಳ, ಎರಡನೆಯದು (ಬಿ) ಆ ಏರಿಕೆ ನಿಂತ ಶಿಖರ, ಮೂರನೆಯದು (ಸಿ) ಅಲ್ಲಿಂದ ಇಳಿದು ಮತ್ತೆ ಎದ್ದ ತಳ. ಇಳಿಯುವ ಷೇರಿನಲ್ಲಿ ಇದೇ ತಿರುಗುಮುರುಗಾಗಿ ಶಿಖರ, ತಳ, ಶಿಖರ. ಕ್ಲಿಕ್ ಮಾಡುವಾಗ ಶಿಖರವಾದರೆ ಆ ದಿನದ ಗರಿಷ್ಠ ಬೆಲೆಯ ತುದಿಗೆ, ತಳವಾದರೆ ಕನಿಷ್ಠ ಬೆಲೆಯ ತುದಿಗೆ ಅಂಟಿಸಿ. ಸಿ ಬಿಂದುವಿನ ವಿಷಯದಲ್ಲಿ ಆತುರ ಬೇಡ. ಇವತ್ತಿನ ಕನಿಷ್ಠ ಬೆಲೆ ತಳವೇ ಹೌದೆಂದು ಇವತ್ತೇ ಹೇಳಲಾಗದು. ಬೆಲೆ ಎರಡು ಮೂರು ದಿನ ಮೇಲಕ್ಕೆ ಮುಗಿದ ಮೇಲಷ್ಟೇ ಅದು ತಿರುವು ಎನಿಸಿಕೊಳ್ಳುತ್ತದೆ.

ಒಂದು ಕಾಲ್ಪನಿಕ ಷೇರನ್ನು ತೆಗೆದುಕೊಳ್ಳೋಣ. ಎ ಇರುವ ದಿನವನ್ನು ಸೊನ್ನೆ ಎಂದು ಎಣಿಸಿ, ಬೆಲೆ 400 ರೂಪಾಯಿ. 12ನೇ ವಹಿವಾಟಿನ ದಿನ ಬಿ, 460 ರೂಪಾಯಿ. 20ನೇ ದಿನ ಸಿ, 436 ರೂಪಾಯಿ. ಬಿ ಮತ್ತು ಸಿ ನಡುವಿನ ಮಧ್ಯಬಿಂದು 16ನೇ ದಿನದ 448 ರೂಪಾಯಿಯಲ್ಲಿ ಬೀಳುತ್ತದೆ. ಎ ಯಿಂದ ಹೊರಟು ಈ ಬಿಂದುವಿನ ಮೂಲಕ ಹಾದುಹೋಗುವ ಗೆರೆಯೇ ಮಧ್ಯರೇಖೆ. 16 ದಿನಕ್ಕೆ 48 ರೂಪಾಯಿ, ಅಂದರೆ ದಿನಕ್ಕೆ 3 ರೂಪಾಯಿ ಏರಿಕೆ. ಇದೇ ಇಳಿಜಾರಿನಲ್ಲಿ ಬಿ ಮೂಲಕ ಮೇಲಿನ ಗೆರೆ, ಸಿ ಮೂಲಕ ಕೆಳಗಿನ ಗೆರೆ ಸಾಗುತ್ತವೆ. 30ನೇ ದಿನ ಮಧ್ಯರೇಖೆ 490ರಲ್ಲಿ, ಮೇಲಿನದು 514ರಲ್ಲಿ, ಕೆಳಗಿನದು 466ರಲ್ಲಿ ಇರುತ್ತವೆ. ಈ ಲೆಕ್ಕ ಸಾಧಾರಣ ಬೆಲೆ ಸ್ಕೇಲಿಗೆ ಸಂಬಂಧಿಸಿದ್ದು. ಲಾಗ್ ಸ್ಕೇಲಿಗೆ ಬದಲಾಯಿಸಿದರೆ ಅಂಕಿಗಳು ಹೊಂದುವುದಿಲ್ಲ.

ಈಗ ಓದುವ ಕೆಲಸ. ಹೊಸಬರು ಚಾರ್ಟ್ ನೋಡಿ, 'ಎಷ್ಟು ಚೆನ್ನಾಗಿ ಬೆಲೆ ಎರಡೂ ಅಂಚುಗಳನ್ನು ಮುಟ್ಟಿದೆ' ಎಂದು ಬೆರಗಾಗುವುದುಂಟು. ಮುಟ್ಟದೆ ಇನ್ನೇನು? ಬಿ ಮತ್ತು ಸಿ ಮೂಲಕವೇ ನಾವು ಗೆರೆ ಎಳೆದಿದ್ದೇವೆ. ಸಾಕ್ಷಿ ಎನಿಸಿಕೊಳ್ಳುವುದು ಸಿ ಆದ ಮೇಲೆ ಬೆಲೆ ಗೆರೆಗಳ ಬಳಿ ಏನು ಮಾಡಿತು ಎಂಬುದು ಮಾತ್ರ. ಆಂಡ್ರೂಸ್ ಅವರ ಪ್ರಕಾರ ಬೆಲೆ ಸುಮಾರು ಶೇ 80ರಷ್ಟು ಸಲ ಮಧ್ಯರೇಖೆಗೆ ಹಿಂತಿರುಗುತ್ತದೆ. ಇದನ್ನು ಖಾತರಿ ಎನ್ನದೆ ಅವರ ಅಂದಾಜೆಂದು ತಿಳಿಯುವುದು ಕ್ಷೇಮ.

ಮಧ್ಯರೇಖೆಗೆ ಬಂದ ಬೆಲೆ ಅಲ್ಲಿ ತಡವರಿಸಿ ಕೆಳಗಿಳಿಯಬಹುದು. ಆಗ ಮುಂದಿನ ನೆಲೆ ಕೆಳಗಿನ ಗೆರೆ. ಮಧ್ಯರೇಖೆಯನ್ನು ದಾಟಿ ಮೇಲೆ ದಿನ ಮುಗಿಸಿದರೆ ಕಣ್ಣು ಮೇಲಿನ ಗೆರೆಯತ್ತ ಹೋಗಬೇಕು. ಮಧ್ಯರೇಖೆಯನ್ನು ಮುಟ್ಟುವ ಮೊದಲೇ ತಿರುಗಿಬಿಟ್ಟರೆ ನನಗೆ ಅದೇ ಹೆಚ್ಚು ಗಮನಾರ್ಹ: ಏರಿಕೆಯ ಬಲ ಕುಂದಿದೆ, ತಿರುಗಿದ ದಿಕ್ಕಿನಲ್ಲಿ ಬೆಲೆ ಬಂದ ದೂರಕ್ಕಿಂತ ಹೆಚ್ಚು ಹೋಗಬಹುದು ಎಂಬುದು ಈ ಪದ್ಧತಿಯ ಹಳೆಯ ನಿಯಮ. ನಮ್ಮ ಷೇರು 25ನೇ ದಿನ 465ರವರೆಗೆ ಏರಿ, ಅಂದಿನ ಮಧ್ಯರೇಖೆಯಾದ 475ನ್ನು ಮುಟ್ಟದೆ ಇಳಿಯತೊಡಗಿತು ಎನ್ನಿ. ಆಗ ಸಿ ಯ ಬೆಲೆ 436ರ ಕೆಳಗೂ ಅದು ಹೋದೀತೇ ಎಂದು ನೋಡುತ್ತಿರಬೇಕು.

ಕೆಳಗಿನ ಗೆರೆ ಮುರಿದರೆ ಕುಸಿತ ಖಚಿತವೇ? ಅಲ್ಲ. ನಮ್ಮ ಷೇರು ಒಂದು ಪೈಸೆಯೂ ಇಳಿಯದೆ 460ರಲ್ಲೇ ನಿಂತಿತೆಂದುಕೊಳ್ಳಿ. ಗೆರೆ ದಿನಕ್ಕೆ 3 ರೂಪಾಯಿ ಏರುತ್ತಲೇ ಇರುತ್ತದೆ. 28ನೇ ದಿನ ಅದು 460ಕ್ಕೆ ಬಂದು, ಮರುದಿನ ಷೇರು ಗೆರೆಯ ಹೊರಗೆ ಬೀಳುತ್ತದೆ. ಇಲ್ಲಿ ಮಾರಾಟದ ಒತ್ತಡವೇನೂ ಇಲ್ಲ, ಇಳಿಜಾರು ಕಡಿದಾಗಿರುವುದೇ ಕಾರಣ.

ಇಂಥ ಸಂದರ್ಭಕ್ಕೆಂದೇ ಅದೇ ಪಟ್ಟಿಯಲ್ಲಿ Schiff Pitchfork ಇದೆ. ಅದು ಎ ಬಿಂದುವನ್ನು ಅದೇ ದಿನದಲ್ಲಿಟ್ಟು, ಎ ಮತ್ತು ಬಿ ಬೆಲೆಗಳ ನಡುವಿಗೆ, ಇಲ್ಲಿ 430ಕ್ಕೆ, ಎತ್ತುತ್ತದೆ. ಇಳಿಜಾರು ದಿನಕ್ಕೆ 1.125 ರೂಪಾಯಿಗೆ ತಗ್ಗುತ್ತದೆ. 30ನೇ ದಿನ ಕೆಳಗಿನ ಗೆರೆ ಸುಮಾರು 447ರಲ್ಲಿರುವುದರಿಂದ 460ರಲ್ಲಿ ನಿಂತ ಷೇರು ಇನ್ನೂ ಒಳಗೇ ಇರುತ್ತದೆ. ಸಿ ಖಚಿತವಾದ ದಿನವೇ ಎರಡರಲ್ಲೊಂದನ್ನು ಆರಿಸಿಕೊಳ್ಳಿ. ಬೆಲೆ ಹೊರಬಿದ್ದ ಮೇಲೆ ಅದನ್ನು ಒಳಗೆ ಸೇರಿಸುವ ಗೆರೆಗಾಗಿ ಹುಡುಕಿದರೆ ಯಾವ ಚಾರ್ಟಿಗೂ ಒಂದು ಸಿಕ್ಕೇ ಸಿಗುತ್ತದೆ.