ಅಜ್ಜಿಯ ಕಾಗದವನ್ನು ಇಂಗ್ಲಿಷಿಗೆ ತರುವವರಿಗೆ

ಕನ್ನಡ ಓದಲು ಬಾರದ ಪುಳ್ಳಿಗೆ ಅಜ್ಜಿ ಬರೆದ ಕಾಗದವನ್ನು ಇಂಗ್ಲಿಷಿಗೆ ತಂದುಕೊಡಿ ಎಂದು ನಮ್ಮ ಬದಿಯಡ್ಕ, ಪೆರ್ಲ ಕಡೆಯ ಎಷ್ಟೋ ಮನೆಗಳಲ್ಲಿ ಕೇಳುತ್ತಾರೆ. ಅಂಥವರಿಗೆ ಈ ಸಲಹೆ.

ಕಾಗದದಲ್ಲಿ ಹೀಗಿದೆ ಎಂದುಕೊಳ್ಳಿ: "ಮಗಾ, ದೊಡ್ಡಮ್ಮ ಮಾಂಬಳ ಮಾಡಿಟ್ಟಿದ್ದಾಳೆ. ಸೋದರಮಾವ ಬರುವಾಗ ಕೊಟ್ಟು ಕಳಿಸುತ್ತೇನೆ."

ದೊಡ್ಡಮ್ಮನನ್ನು 'ಆಂಟಿ', ಸೋದರಮಾವನನ್ನು 'ಅಂಕಲ್' ಮಾಡಿದರೆ ಯಾರು ಯಾರೆಂದೇ ಮಗುವಿಗೆ ತಿಳಿಯದು. ಆ ಶಬ್ದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಹಾಗೆಯೇ ಬರೆಯಿರಿ. ಮೊದಲ ಸಲ ಬಂದಲ್ಲಿ ಮಾತ್ರ, ವಾಕ್ಯದೊಳಗೇ, 'ಯುವರ್ ಮದರ್ಸ್ ಎಲ್ಡರ್ ಸಿಸ್ಟರ್' ಎಂದು ಸೇರಿಸಿ. ಆದರೆ ಮೊದಲು ಮನೆಯವರನ್ನು ಕೇಳಿ: ದೊಡ್ಡಮ್ಮ ಎಂದರೆ ಅಮ್ಮನ ಅಕ್ಕನೂ ಆಗಬಹುದು, ಅಪ್ಪನ ಅಣ್ಣನ ಹೆಂಡತಿಯೂ ಆಗಬಹುದು. ಊಹಿಸಿ ಬರೆದರೆ ಸಂಬಂಧವೇ ಅದಲುಬದಲು.

'ಮಗಾ' ಇನ್ನೂ ಸೂಕ್ಷ್ಮ. ನಮ್ಮಲ್ಲಿ ಹೆಣ್ಣುಮಕ್ಕಳನ್ನೂ ಮುದ್ದಿನಿಂದ ಹಾಗೆಯೇ ಕರೆಯುತ್ತಾರೆ. 'ಸನ್' ಎಂದರೆ ಮೊಮ್ಮಗಳು ಗಲಿಬಿಲಿಗೊಳ್ಳುತ್ತಾಳೆ. 'ಮಗಾ' ಎಂದೇ ಇಡಿ, ಪಕ್ಕದಲ್ಲಿ 'ಮೈ ಚೈಲ್ಡ್' ಸಾಕು. ಅಜ್ಜಿ ಅದನ್ನು ನಾಲ್ಕು ಕಡೆ ಬರೆದಿದ್ದರೆ ನಾಲ್ಕು ಕಡೆಯೂ ಇರಲಿ. 'ನೀನು' ಎಂಬುದರ ಸಲಿಗೆ ಇಂಗ್ಲಿಷಿನ 'ಯು'ನಲ್ಲಿ ಕಾಣುವುದಿಲ್ಲ, ಆ ಆಪ್ತತೆಯನ್ನು ಹೊರುವುದು ಈ ಕರೆಯೇ.

ಮಾಂಬಳಕ್ಕೆ 'ಸನ್-ಡ್ರೈಡ್ ಮ್ಯಾಂಗೋ ಪಲ್ಪ್' ಎಂದು ಒಮ್ಮೆ ಹೇಳಿದರಾಯಿತು. ಕಾಗದದ ಆರಂಭದಲ್ಲಿ 'ಚಿ||' ಇದ್ದರೆ ಬಿಡಬೇಡಿ, ಅದು ಚಿರಂಜೀವಿ ಎಂಬ ಹರಕೆ: 'ಮೇ ಯು ಲಿವ್ ಲಾಂಗ್'.

ಕೊನೆಗೆ ಮೂಲ ಕಾಗದದ ಫೋಟೋವನ್ನೂ ಜೊತೆಗೆ ಕಳಿಸಿ.