ಖಾಲಿ ಹೊಟ್ಟೆ, ಊಟದ ನಂತರ, ಯಾವಾಗಲಾದರೂ: ಮೂರು ಶುಗರ್ ಪರೀಕ್ಷೆಗಳು

ತಾಲ್ಲೂಕು ಕೇಂದ್ರವೊಂದರಲ್ಲಿ ರಕ್ತ ಪರೀಕ್ಷಾ ಲ್ಯಾಬ್ ನಡೆಸುತ್ತೇನೆ. ಬೆಳಗ್ಗೆ ಬರುವವರಲ್ಲಿ ಹೆಚ್ಚಿನವರ ಚೀಟಿಯಲ್ಲಿ ಎಫ್‌ಬಿಎಸ್, ಪಿಪಿಬಿಎಸ್ ಎಂದಿರುತ್ತದೆ, ಅಂದರೆ ಖಾಲಿ ಹೊಟ್ಟೆಯ ಶುಗರ್ ಮತ್ತು ಊಟದ ನಂತರದ ಶುಗರ್. ಖಾಲಿ ಹೊಟ್ಟೆಯ ಪರೀಕ್ಷೆಗೆ ಜನ ಸಾಮಾನ್ಯವಾಗಿ ಸರಿಯಾಗಿಯೇ ಸಿದ್ಧರಾಗಿ ಬರುತ್ತಾರೆ. ತೊಂದರೆ ಇರುವುದು ಎರಡನೆಯದರಲ್ಲಿ.

ನಿವೃತ್ತ ಬಸ್ ನಿರ್ವಾಹಕರೊಬ್ಬರ ವರದಿ ನೋಡಿ. ಕೆಲವು ವರ್ಷಗಳಿಂದ ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದರು. ಖಾಲಿ ಹೊಟ್ಟೆಯಲ್ಲಿ 118, ತಿಂಡಿಯಾದ ಮೇಲೆ 104. ಅವರಿಗೆ ಖುಷಿಯೋ ಖುಷಿ. ಆದರೆ ಅದೇ ದಿನದ ಎಚ್‌ಬಿಎ1ಸಿ 7.8 ಬಂದಿತ್ತು. ಹಿಂದಿನ ಎರಡು ಮೂರು ತಿಂಗಳ ಸರಾಸರಿಯನ್ನು ಸೂಚಿಸುವ ಪರೀಕ್ಷೆ ಅದು, 7.8 ಎಂದರೆ ಸರಾಸರಿ ಸುಮಾರು 177. ಬೆಳಗ್ಗೆ 118, ತಿಂಡಿಯಾದ ಮೇಲೆ 104 ಇರುವವರಿಗೆ ಈ ಸರಾಸರಿ ಎಲ್ಲಿಂದ ಬರಬೇಕು?

"ಏನು ತಿಂದಿರಿ ಸ್ವಾಮಿ?" ಎಂದು ಕೇಳಿದೆ. "ಪರೀಕ್ಷೆ ಅಲ್ಲವೇ, ಒಂದೇ ಇಡ್ಲಿ ತಿಂದೆ, ಚಟ್ನಿ ಕೂಡ ಮುಟ್ಟಲಿಲ್ಲ" ಎಂದರು. ಮನೆಯಲ್ಲಿ ದಿನಾ ಏನೆಂದರೆ ಮೂರು ದೋಸೆ, ಆಲೂಗಡ್ಡೆ ಪಲ್ಯ, ಮೇಲೆ ಸಕ್ಕರೆ ಹಾಕಿದ ಕಾಫಿ. ಇನ್‌ಸ್ಪೆಕ್ಟರ್ ಬರುವ ದಿನ ಮಾತ್ರ ಶಾಲೆ ಗುಡಿಸಿದ ಹಾಗಾಯಿತು. ವೈದ್ಯರೊಂದಿಗೆ ಮಾತನಾಡಿ, ಮುಂದಿನ ವಾರ ಎಂದಿನ ತಿಂಡಿ ತಿಂದು, ಎಂದಿನ ಮಾತ್ರೆ ನುಂಗಿ ಬರಲು ಹೇಳಿದೆವು. ಅವರು ಮೊದಲ ತುತ್ತು ಬಾಯಿಗಿಟ್ಟದ್ದು 8.10ಕ್ಕೆ; ನಾನು ರಕ್ತ ತೆಗೆದದ್ದು 10.10ಕ್ಕೆ. ಬಂದದ್ದು 238. ಊಟದ ನಂತರ 180ರೊಳಗೆ ಇರಲಿ ಎನ್ನುವುದು ಮಧುಮೇಹ ಇರುವ ಬಹುತೇಕ ವಯಸ್ಕರಿಗೆ ವೈದ್ಯರು ಇಡುವ ಗುರಿ.

ಎರಡು ಗಂಟೆಯನ್ನು ಎಣಿಸಬೇಕಾದದ್ದು ತಿನ್ನಲು ಶುರು ಮಾಡಿದ ಹೊತ್ತಿನಿಂದ, ಕೈ ತೊಳೆದ ಮೇಲಿನಿಂದಲ್ಲ. ನಡುವೆ ಇನ್ನೊಂದು ಕಾಫಿ, ಬಿಸ್ಕತ್ತು ಬೇಡ. ಕಾಯುವಾಗ ಬೇಸರವೆಂದು ಪೇಟೆಯೆಲ್ಲ ಸುತ್ತುವುದೂ ಬೇಡ, ನಡಿಗೆಯಿಂದ ಶುಗರ್ ಇಳಿಯುತ್ತದೆ. ಊಟದ ನಂತರದ ಅಂಕಿ ಖಾಲಿ ಹೊಟ್ಟೆಯದಕ್ಕಿಂತ ಕಡಿಮೆ ಬಂದರೆ ನಾನು ಏನು ತಿಂದಿರಿ, ಯಾವಾಗ ತಿಂದಿರಿ, ಮಾತ್ರೆ ಯಾವಾಗ ಎಂದು ಕೇಳಿ ವರದಿಯಲ್ಲಿ ಬರೆಯುತ್ತೇನೆ. ಅದು ಯಾವಾಗಲೂ ತಪ್ಪು ಅಂಕಿಯೇ ಆಗಿರಬೇಕೆಂದಿಲ್ಲ, ಆದರೆ ವಿಚಾರಿಸದೆ ಬಿಡುವಂಥದ್ದೂ ಅಲ್ಲ.

ಖಾಲಿ ಹೊಟ್ಟೆಯ ಪರೀಕ್ಷೆಯ ಬಲವೇ ಬೇರೆ. ಕನಿಷ್ಠ 8 ಗಂಟೆ ನೀರು ಬಿಟ್ಟು ಏನೂ ಸೇವಿಸದಿದ್ದರೆ ಯಾರು ಏನು ತಿಂದರು ಎಂಬ ಗೊಂದಲ ಉಳಿಯುವುದಿಲ್ಲ. ಆದ್ದರಿಂದ ಕಾಯಿಲೆ ಇದೆಯೇ ಎಂದು ಪತ್ತೆ ಹಚ್ಚಲು ಇದನ್ನೇ ಮೊದಲು ಬರೆಯುತ್ತಾರೆ. 100ರ ಕೆಳಗೆ ಸಹಜ, 126 ಅಥವಾ ಅದಕ್ಕಿಂತ ಹೆಚ್ಚು ಮಧುಮೇಹ, ನಡುವಿನದು ಎಚ್ಚರಿಕೆಯ ಹಂತ. ಲಕ್ಷಣಗಳಿಲ್ಲದಿದ್ದರೆ ಒಂದು ಸಲದ 126ರ ಮೇಲೆ ಯಾರೂ ಮುದ್ರೆ ಒತ್ತುವುದಿಲ್ಲ. ಮತ್ತೊಂದು ಪರೀಕ್ಷೆಯಿಂದ ದೃಢಪಡಿಸಿಕೊಳ್ಳುತ್ತಾರೆ. ಇಲ್ಲಿ ನನ್ನ ಕಡೆಯ ಜವಾಬ್ದಾರಿಯೂ ಇದೆ. ರಕ್ತವನ್ನು ಹಾಗೆಯೇ ಇಟ್ಟರೆ ಅದರ ಕಣಗಳು ಸಕ್ಕರೆಯನ್ನು ಬಳಸುತ್ತಲೇ ಇರುತ್ತವೆ, ಗಂಟೆಗೆ ಶೇ 5ರಿಂದ 7ರಷ್ಟು ಇಳಿಯುತ್ತದೆ. ಅದನ್ನು ತಡೆಯಲೆಂದೇ ಬೂದು ಮುಚ್ಚಳದ ಫ್ಲೋರೈಡ್ ಟ್ಯೂಬ್ ಇರುವುದು. ಅದೂ ತಕ್ಷಣ ಕೆಲಸ ಶುರು ಮಾಡುವುದಿಲ್ಲವಾದ್ದರಿಂದ ಬೇಗನೆ ಪ್ಲಾಸ್ಮಾ ಬೇರ್ಪಡಿಸುವುದೇ ಮೇಲು.

ಇನ್ನು ಆರ್‌ಬಿಎಸ್, ತಿಂದಿರಲಿ ಬಿಡಲಿ ಯಾವ ಹೊತ್ತಿನಲ್ಲಾದರೂ ಮಾಡುವಂಥದ್ದು. ತಲೆ ಸುತ್ತಿ, ಬೆವತು, ಕೈ ನಡುಗುತ್ತಾ ಬಂದವರನ್ನು ನಾಳೆ ಖಾಲಿ ಹೊಟ್ಟೆಯಲ್ಲಿ ಬನ್ನಿ ಎಂದು ಕಳುಹಿಸಲಾಗುವುದಿಲ್ಲ. 70ರ ಕೆಳಗಿದ್ದರೆ ಆ ಕ್ಷಣವೇ ಸಕ್ಕರೆ ಕೊಡಬೇಕು. ಅತಿಯಾದ ಬಾಯಾರಿಕೆ, ಪದೇ ಪದೇ ಮೂತ್ರ, ತೂಕ ಇಳಿಕೆ ಇದ್ದು 200 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಮಧುಮೇಹ ಎನ್ನಲು ಅಷ್ಟೇ ಸಾಕು. ಆದರೆ ಮದುವೆ ಊಟ ಮುಗಿಸಿ ಬಂದವರ 150 ಹಿಡಿದುಕೊಂಡು ಕಾಯಿಲೆ ಇದೆ ಎನ್ನಲೂ ಆಗದು, ಇಲ್ಲ ಎನ್ನಲೂ ಆಗದು.

ಗರ್ಭಿಣಿಯರ ಪರೀಕ್ಷೆಯನ್ನು ಮನೆಯವರು ಊಟದ ನಂತರದ ಶುಗರ್ ಎಂದೇ ತಿಳಿದಿರುತ್ತಾರೆ. ಅದು ಬೇರೆ. ನಮ್ಮ ದೇಶದ ಮಾರ್ಗಸೂಚಿಯಂತೆ ಅವರು ತಿಂದು ಬಂದಿದ್ದರೂ ಸರಿಯೇ, 75 ಗ್ರಾಂ ಗ್ಲೂಕೋಸನ್ನು ನೀರಿನಲ್ಲಿ ಕರಗಿಸಿ ಕುಡಿಸಿ ಎರಡು ಗಂಟೆಯ ನಂತರ ನೋಡುತ್ತೇವೆ. 140 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಗರ್ಭಾವಸ್ಥೆಯ ಮಧುಮೇಹ. ಕುಡಿದ ಅರ್ಧ ಗಂಟೆಯೊಳಗೆ ವಾಂತಿಯಾದರೆ ಆ ದಿನದ ಪರೀಕ್ಷೆ ಅಲ್ಲಿಗೇ ನಿಲ್ಲಿಸಿ, ಮರುದಿನ ಬರಲು ಹೇಳುತ್ತೇನೆ.